ಬಿಲ್ ಯಾವುದಕ್ಕೆ ಸಾಕ್ಷಿ?

ಬಾಡಿಗೆ ಮನೆಯಲ್ಲಿ ಪೈಪು ಒಡೆದು, ಬಾಡಿಗೆಗಿದ್ದವರೇ ಪ್ಲಂಬರನ್ನು ಕರೆಸಿ ಕೈಯಿಂದ ದುಡ್ಡು ಕೊಟ್ಟ ಮೇಲೆ ಎರಡು ಮಾತುಗಳು ಕೇಳಿಬರುತ್ತವೆ. ಬಾಡಿಗೆದಾರರದು ಒಂದು: "ಬಿಲ್ ಇದೆಯಲ್ಲ, ಮುಂದಿನ ತಿಂಗಳ ಬಾಡಿಗೆಯಲ್ಲಿ ಮುರಿದುಕೊಂಡರಾಯಿತು." ಮಾಲೀಕರದು ಇನ್ನೊಂದು: "ನನ್ನನ್ನು ಕೇಳದೆ ಮಾಡಿಸಿದ್ದಕ್ಕೆ ನಾನು ಯಾಕೆ ಕೊಡಬೇಕು?" ಎರಡೂ ಒಂದಕ್ಕೊಂದು ಎದುರು ನಿಂತ ಹಾಗೆ ಕಾಣುತ್ತವೆ. ಆದರೆ ಅವುಗಳ ಬೇರಿನಲ್ಲಿರುವ ತಪ್ಪು ಒಂದೇ. ಒಬ್ಬರು ಒಂದು ಚೀಟಿಯಿಂದ ಎಲ್ಲವೂ ತೀರ್ಮಾನವಾಯಿತು ಎನ್ನುತ್ತಾರೆ, ಇನ್ನೊಬ್ಬರು ಒಂದು ಅನುಮತಿ ಇಲ್ಲದ್ದರಿಂದ ಎಲ್ಲವೂ ಬಿದ್ದುಹೋಯಿತು ಎನ್ನುತ್ತಾರೆ.

ಎರಡು ಮಾತಿಗೂ ಅದರದರ ನ್ಯಾಯವಿದೆ. ಪೈಪು ಗೋಡೆಯೊಳಗಿನದು, ಗೋಡೆ ಮಾಲೀಕರದು. ಅದನ್ನು ಸರಿಪಡಿಸಿದ್ದರಿಂದ ಉಳಿದದ್ದು ಅವರ ಆಸ್ತಿ. ಬಾಡಿಗೆದಾರ ನಾಳೆ ಮನೆ ಬಿಟ್ಟು ಹೋದರೂ ಹೊಸ ಪೈಪು ಅಲ್ಲೇ ಇರುತ್ತದೆ. ಹಾಗಿರುವಾಗ ಖರ್ಚು ಬಾಡಿಗೆದಾರನ ತಲೆಗೆ ಯಾಕೆ ಎಂಬುದು ಸರಿಯಾದ ಪ್ರಶ್ನೆಯೇ. ಮಾಲೀಕರ ಕಡೆಯಿಂದ ನೋಡಿದರೆ, ತಾವು ನೋಡದ ಕೆಲಸಕ್ಕೆ, ತಾವು ಆರಿಸದ ಕೆಲಸಗಾರನಿಗೆ, ತಾವು ಒಪ್ಪದ ದರದಲ್ಲಿ ದುಡ್ಡು ಕೊಡಬೇಕೆಂದರೆ ಯಾರಿಗಾದರೂ ಹಿಂಜರಿಕೆಯಾಗುತ್ತದೆ. ಒಡೆದ ಟೈಲ್ಸ್‌ಗೆ ಹೊಂದುವ ನಾಲ್ಕು ಟೈಲ್ಸ್ ಅವರ ಅಟ್ಟದ ಮೇಲೆ ಇದ್ದಿರಬಹುದು. ಕೇಳಿದ್ದರೆ ತೆಗೆದುಕೊಡುತ್ತಿದ್ದರು.

ತೊಡಕು ಇರುವುದು ಬಿಲ್ಲಿನ ಮೇಲೆ ಹೊರಿಸುವ ಭಾರದಲ್ಲಿ. ಇಂಥ ದಿನ, ಇಂಥ ಕೆಲಸಕ್ಕೆ, ಇಂಥವರಿಗೆ ಇಷ್ಟು ಹಣ ಹೋಯಿತು ಎಂಬುದಕ್ಕೆ ಬಿಲ್ ಸಾಕ್ಷಿ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಅದು ಹೇಳುವುದಿಲ್ಲ. ಖರ್ಚು ಯಾರಿಗೆ ಸೇರಬೇಕು ಎಂದು ತಿಳಿಯಲು ಬಿಲ್ ಉತ್ತರಿಸಲಾಗದ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಬೇಕಾಗುತ್ತದೆ:

1. ಕೆಟ್ಟದ್ದು ಯಾವ ಭಾಗ, ಯಾತರಿಂದ ಕೆಟ್ಟಿತು?
2. ಮಾಲೀಕರಿಗೆ ತಿಳಿಸಿ, ಅವರೇ ಮಾಡಿಸಲು ಸಮಯ ಕೊಟ್ಟಿತ್ತೇ? ಕೊಡುವಷ್ಟು ಸಮಯ ಇತ್ತೇ?
3. ತುರ್ತು ಮುಗಿದ ಮೇಲೂ ನಡೆದ ಕೆಲಸ ಎಷ್ಟು?

ಒಂದು ಸಂದರ್ಭವನ್ನು ಕಲ್ಪಿಸಿಕೊಂಡು ನೋಡಬಹುದು. ಬೆಂಗಳೂರಿನಲ್ಲಿ ಮೊದಲ ಮಹಡಿಯ ಎರಡು ಬಾತ್‌ರೂಮಿನ ಮನೆ, ತಿಂಗಳಿಗೆ 22,000 ರೂಪಾಯಿ ಬಾಡಿಗೆ. ಭಾನುವಾರ ಬೆಳಿಗ್ಗೆ ಆರಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ: ಅವರ ಸೀಲಿಂಗಿನಿಂದ ನೀರು ಸುರಿಯುತ್ತಿದೆ. ಬಾತ್‌ರೂಮಿನ ಗೋಡೆಯೊಳಗಿನ ತಣ್ಣೀರಿನ ಪೈಪಿನ ಎಲ್ಬೋ ಬಿಟ್ಟಿದೆ. ಬಾತ್‌ರೂಮಿಗೆ ಪ್ರತ್ಯೇಕ ಸ್ಟಾಪ್‌ಕಾಕ್ ಇದೆ, ಆದರೆ ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟಿ ಅದು ತಿರುಗುವುದಿಲ್ಲ. ತಾರಸಿಯ ಗೇಟ್‌ವಾಲ್ವ್ ಮುಚ್ಚಿದರೆ ನೀರೇನೋ ನಿಲ್ಲುತ್ತದೆ, ಆದರೆ ಅಡುಗೆಮನೆ ಸೇರಿ ಇಡೀ ಮನೆಗೆ ನೀರಿಲ್ಲ. ಮಾಲೀಕರು ದಾವಣಗೆರೆಯಲ್ಲಿ, ಎರಡು ಸಲ ಫೋನ್ ಮಾಡಿದರೂ ಎತ್ತುವುದಿಲ್ಲ. ಎಂಟಕ್ಕೆ ಪ್ಲಂಬರ್ ಬಂದು ಗೋಡೆಯನ್ನು ಸ್ವಲ್ಪ ಒಡೆದು, ಒಡೆದ ಲೈನಿಗೆ ಡಮ್ಮಿ ಹಾಕಿ ಉಳಿದ ಮನೆಗೆ ನೀರು ಬಿಡುತ್ತಾನೆ. ಹತ್ತಕ್ಕೆ ಮಾಲೀಕರು ತಿರುಗಿ ಫೋನ್ ಮಾಡಿ, "ಬುಧವಾರ ನಮ್ಮ ಪ್ಲಂಬರನ್ನು ಕಳಿಸುತ್ತೇನೆ" ಎನ್ನುತ್ತಾರೆ. ಪ್ಲಂಬರ್ ಹೇಗೂ ಬಂದಿದ್ದಾನೆ, ಮತ್ತೆ ಸಿಗುತ್ತಾನೋ ಇಲ್ಲವೋ ಎಂದು ಬಾಡಿಗೆದಾರ ಪೂರ್ತಿ ಕೆಲಸವನ್ನು ಅವತ್ತೇ ಮಾಡಿಸುತ್ತಾನೆ. ಜೊತೆಗೆ ತಿಂಗಳಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನೂ ಬದಲಾಯಿಸುತ್ತಾನೆ.

ಲೆಕ್ಕ ಹೀಗಿದೆ. ಭಾನುವಾರದ ವಿಸಿಟ್ ಮತ್ತು ಡಮ್ಮಿ ಹಾಕಿದ್ದಕ್ಕೆ 900. ಟೈಲ್ಸ್ ಒಡೆದು ಪೈಪು, ಎಲ್ಬೋ, ಸ್ಟಾಪ್‌ಕಾಕ್ ಹೊಸದು ಕೂರಿಸಿದ ಕೂಲಿ 1,800. ಸಾಮಾನಿಗೆ 1,150. ಸೋಮವಾರ ಗಾರೆಯವನು ಬಂದು ಟೈಲ್ಸ್ ಕೂರಿಸಿದ್ದಕ್ಕೆ 1,600. ಅಡುಗೆಮನೆ ನಲ್ಲಿಗೆ 750. ಒಟ್ಟು 6,200 ರೂಪಾಯಿ. ಬಾಡಿಗೆದಾರ ಬಿಲ್ಲುಗಳ ಫೋಟೋ ಕಳಿಸಿ, ಮುಂದಿನ ತಿಂಗಳು 15,800 ಮಾತ್ರ ಹಾಕುತ್ತೇನೆ ಎನ್ನುತ್ತಾನೆ. ಕೇಳದೆ ಮಾಡಿಸಿದ್ದಕ್ಕೆ ಒಂದು ಪೈಸೆಯೂ ಇಲ್ಲ ಎಂದು ಮಾಲೀಕರು ಹೇಳುತ್ತಾರೆ.

ಮೊದಲ ಪ್ರಶ್ನೆಯನ್ನು ಎತ್ತಿಕೊಂಡರೆ, ಇಂಥ ಮನೆಗೆ ಅನ್ವಯಿಸುವ ಕಾನೂನು ಯಾವುದು ಎಂಬಲ್ಲಿಂದ ಶುರುಮಾಡಬೇಕು. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ಇವತ್ತಿನ ಬಹುಪಾಲು ಬಾಡಿಗೆ ಮನೆಗಳಿಗೆ ಉಳಿಯುವುದು ಮನೆಯ ಕರಾರುಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಅಧಿನಿಯಮ. ಆ ಹಳೆಯ ಕಾನೂನಿನ 108ನೇ ಸೆಕ್ಷನ್ನಿನ ಎಫ್ ಉಪಖಂಡವನ್ನೇ ಬಾಡಿಗೆದಾರರ ಪರ ಮಾತಾಡುವವರು ಎತ್ತಿ ತೋರಿಸುತ್ತಾರೆ. ಮಾಲೀಕ ಮಾಡಿಸಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಯುಕ್ತ ಸಮಯದೊಳಗೆ ಮಾಡಿಸದೆ ಅಲಕ್ಷಿಸಿದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು ಎಂಬುದು ಅದರ ತಿರುಳು. ಬಡ್ಡಿಯ ಮಾತನ್ನೂ ಆಡಿರುವ ಈ ಉಪಖಂಡ ಬಾಡಿಗೆದಾರನಿಗೆ ದೊಡ್ಡ ಬಲ, ನಿಜ. ಆದರೆ "ಮಾಲೀಕ ಮಾಡಿಸಲೇಬೇಕಾದ" ಎಂಬ ಮಾತನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಎಲ್ಲ ದುರಸ್ತಿಯೂ ಮಾಲೀಕನ ಹೊಣೆ ಎಂದು 108ನೇ ಸೆಕ್ಷನ್ ಎಲ್ಲೂ ಹೇಳಿಲ್ಲ. ಆ ಹೊಣೆ ಕರಾರಿನಿಂದ ಬರಬೇಕು, ಅಥವಾ ಊರಿನ ರೂಢಿಯಿಂದ ಬರಬೇಕು. ಸೆಕ್ಷನ್ ಕೂಡ ತನ್ನ ನಿಯಮಗಳು ಕರಾರಿಗೂ ಸ್ಥಳೀಯ ರೂಢಿಗೂ ಒಳಪಟ್ಟವು ಎಂದುಕೊಂಡೇ ಆರಂಭವಾಗುತ್ತದೆ.

ಹಾಗಾದರೆ ಕರಾರು ಏನು ಹೇಳುತ್ತದೆ? ಹನ್ನೊಂದು ತಿಂಗಳ ಕರಾರುಗಳಲ್ಲಿ ಸಾಮಾನ್ಯವಾಗಿ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲೀಕರದು ಎಂಬರ್ಥದ ಒಂದು ಸಾಲು ಇರುತ್ತದೆ. ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಬರೆದಿರುವುದಿಲ್ಲ. ಈ ಗೆರೆ ಎಳೆಯಲು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ನೆರವಾಗುತ್ತದೆ. ರಾಜ್ಯಗಳು ತಮ್ಮದೇ ಕಾನೂನಾಗಿ ತಂದರಷ್ಟೇ ಅದಕ್ಕೆ ಬಲ, ಆದ್ದರಿಂದ ಅದನ್ನು ತೋರಿಸಿ ಹಣ ಕೇಳಲಾಗದು, ಅಳತೆಗೋಲಾಗಿ ಬಳಸಬಹುದು. ಅದರ ಎರಡನೆಯ ಅನುಸೂಚಿಯ ಪ್ರಕಾರ ಅಗತ್ಯ ಬಿದ್ದಾಗ ಪೈಪುಗಳನ್ನು ಬದಲಾಯಿಸುವುದು ಮಾಲೀಕರ ಪಾಲಿಗೆ, ನಲ್ಲಿ ಮತ್ತು ನಲ್ಲಿಯ ವಾಷರ್ ಬದಲಾಯಿಸುವುದು, ಡ್ರೈನ್ ಶುಚಿಗೊಳಿಸುವುದು, ವಾಶ್‌ಬೇಸಿನ್, ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗೆ. ಈ ಹಂಚಿಕೆಯ ಹಿಂದೆ ಒಂದು ತರ್ಕವಿದೆ: ದಿನವೂ ಕೈಯಿಟ್ಟು ತಿರುಗಿಸಿ ಸವೆಸುವುದು ಬಳಸುವವರದು, ಗೋಡೆಯೊಳಗೆ ಕಣ್ಣಿಗೆ ಕಾಣದೆ ಹಳೆಯದಾಗುವುದು ಕಟ್ಟಿಸಿದವರದು. ಈ ಅಳತೆಯಲ್ಲಿ ಅಡುಗೆಮನೆ ನಲ್ಲಿಯ 750 ರೂಪಾಯಿ ಮಾಲೀಕರ ಲೆಕ್ಕದಿಂದ ಹೊರಗೆ ಬೀಳುತ್ತದೆ. ಅದೇ ಪ್ಲಂಬರ್, ಅದೇ ಬಿಲ್, ಅದೇ ದಿನ ಎಂಬುದರಿಂದ ಅದು ಒಳಗೆ ಬರುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಇಡೀ ಬೇಡಿಕೆಯ ಮೇಲೆ ಮಾಲೀಕರಿಗೆ ಅನುಮಾನ ಹುಟ್ಟಿಸುವುದು ಇಂಥ ಒಂದು ಸಾಲೇ. 6,200ರಲ್ಲಿ 750 ತಮಗೆ ಸಂಬಂಧಿಸಿದ್ದಲ್ಲ ಎಂದು ಕಂಡ ಕೂಡಲೇ ಉಳಿದ 5,450ರ ಮೇಲೂ ಅವರ ನಂಬಿಕೆ ಹೋಗುತ್ತದೆ.

ಭಾಗ ಯಾವುದು ಎಂದಷ್ಟೇ ಅಲ್ಲ, ಯಾತರಿಂದ ಕೆಟ್ಟಿತು ಎಂದೂ ತಿಳಿಯಬೇಕು. 108ನೇ ಸೆಕ್ಷನ್ನಿನ ಎಂ ಉಪಖಂಡ ಸಹಜ ಸವಕಳಿಯನ್ನು ಬಾಡಿಗೆದಾರನ ಹೊಣೆಯಿಂದ ಬಿಡುತ್ತದೆ. ಅವನ ಅಥವಾ ಅವನ ಕಡೆಯವರ ಕೈಯಿಂದಾದ ಹಾನಿಯನ್ನು ಬಿಡುವುದಿಲ್ಲ. ಗೋಡೆಗೆ ಶೆಲ್ಫ್ ಹೊಡೆಸುವಾಗ ಡ್ರಿಲ್ ಪೈಪಿಗೆ ತಗುಲಿದ್ದರೆ ಆ ಪೈಪು ಮಾಲೀಕರದೇ ಆದರೂ ಖರ್ಚು ಬಾಡಿಗೆದಾರನದು. ಇದನ್ನು ಗುರುತಿಸುವುದು ಕಷ್ಟವಲ್ಲ. ಡ್ರಿಲ್ಲಿನ ತೂತು ದುಂಡಗಿರುತ್ತದೆ, ಅದರ ನೇರಕ್ಕೆ ಟೈಲ್ಸ್ ಮೇಲೆ ಸ್ಕ್ರೂ ಇರುತ್ತದೆ. ಸಾಲ್ವೆಂಟ್ ಸರಿಯಾಗಿ ಹಚ್ಚದೆ ಕೂರಿಸಿದ ಸಿಪಿವಿಸಿ ಜಾಯಿಂಟ್ ಆದರೆ ಪೈಪು ಎಲ್ಬೋದೊಳಗಿಂದ ನುಣ್ಣಗೆ ಕಳಚಿಕೊಂಡಿರುತ್ತದೆ. ಹಳೆಯ ಜಿಐ ಪೈಪಾದರೆ ಒಳಗಿನಿಂದ ತುಕ್ಕು ತಿಂದು ತೆಳ್ಳಗಾಗಿರುತ್ತದೆ. ಹಾಗಾಗಿ ಬಿಲ್ಲಿಗಿಂತ ದೊಡ್ಡ ಸಾಕ್ಷಿ ಪ್ಲಂಬರ್ ಕಿತ್ತು ಬಿಸಾಡುವ ಆ ಹಳೆಯ ತುಂಡು. ಅದನ್ನು ಒಂದು ಕವರಿನಲ್ಲಿ ಹಾಕಿಟ್ಟು, ಒಡೆದ ಗೋಡೆಯೊಳಗೆ ಅದು ಇದ್ದ ಜಾಗದಲ್ಲೇ ಫೋಟೋ ತೆಗೆದಿಟ್ಟರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಪೂರೈಕೆಯ ಪೈಪೋ ಕೊಳಚೆ ಪೈಪೋ ಎಂಬ ಗೊಂದಲ ಇದ್ದರೆ ಅದಕ್ಕೂ ಪರೀಕ್ಷೆ ಇದೆ. ಎಲ್ಲ ನಲ್ಲಿ ಮುಚ್ಚಿದ್ದರೂ ಸೋರುತ್ತಲೇ ಇದ್ದರೆ ಅದು ಪೂರೈಕೆಯ ಲೈನು. ಸ್ನಾನ ಮಾಡಿದಾಗ ಮಾತ್ರ ಸೋರಿದರೆ ಹೊರಹೋಗುವ ಲೈನು. ಜಲಮಂಡಳಿಯ ಮೀಟರ್ ನೋಡಿ ಇದನ್ನು ಪತ್ತೆ ಮಾಡಲು ಹೋಗುವವರಿದ್ದಾರೆ. ನೀರು ಮೊದಲು ಸಂಪಿಗೆ, ಅಲ್ಲಿಂದ ತಾರಸಿಯ ಟ್ಯಾಂಕಿಗೆ ಹೋಗುವ ಮನೆಯಲ್ಲಿ ಮೀಟರ್ ಸಂಪಿನ ಆಚೆಗೆ ಇರುವುದರಿಂದ ಮನೆಯೊಳಗಿನ ಸೋರಿಕೆ ಅದರಲ್ಲಿ ಆ ಹೊತ್ತಿಗೆ ಕಾಣುವುದಿಲ್ಲ.

ಈಗ ಎರಡನೆಯ ಪ್ರಶ್ನೆ, ಇಲ್ಲಿಯೇ ಮಾಲೀಕರ ವಾದದ ಬಲವೂ ದೌರ್ಬಲ್ಯವೂ ಇರುವುದು. ಕಾನೂನು ಅನುಮತಿ ಕೇಳುವುದಿಲ್ಲ, ತಿಳಿವಳಿಕೆ ಕೇಳುತ್ತದೆ. ಇವೆರಡರ ನಡುವಿನ ಅಂತರ ದೊಡ್ಡದು. ಮಾಲೀಕ ಮಾಡಿಸಲೇಬೇಕಾದ ದುರಸ್ತಿಗೆ ಅವನು ಒಪ್ಪಲೇಬೇಕು ಎಂದಿಲ್ಲ. ಗೊತ್ತಾಗಿಯೂ ಯುಕ್ತ ಸಮಯದಲ್ಲಿ ಮಾಡಿಸದಿದ್ದರೆ ಸಾಕು. ಯುಕ್ತ ಸಮಯ ಎಷ್ಟು ಎಂದು ಸೆಕ್ಷನ್ ದಿನಗಳಲ್ಲಿ ಹೇಳಿಲ್ಲ, ಹೇಳದಿರುವುದೇ ಸರಿ. ಗೋಡೆಯ ತೇವಕ್ಕೆ ತಿಂಗಳು ಯುಕ್ತವಾಗಬಹುದು. ಕೆಳಗಿನ ಮನೆಯ ಫ್ಯಾನಿನ ಮೇಲೆ ನೀರು ಬೀಳುವಾಗ ಒಂದು ಗಂಟೆಯೂ ಹೆಚ್ಚೇ. ಆರು ಗಂಟೆಗೆ ಎರಡು ಮಿಸ್ಡ್ ಕಾಲ್ ಜೊತೆಗೆ ವಾಟ್ಸ್ಆ್ಯಪಿನಲ್ಲಿ ಎರಡು ಸಾಲು ಮತ್ತು ಸೋರುವ ಸೀಲಿಂಗಿನ ವಿಡಿಯೋ ಹೋಗಿದ್ದರೆ, ಈ ಸಂದರ್ಭದಲ್ಲಿ ತಿಳಿಸಿದಂತೆಯೇ ಸರಿ. ಬರೀ ಮಿಸ್ಡ್ ಕಾಲ್ ಮಾತ್ರ ಇದ್ದರೆ ಏನು ತಿಳಿಸಲು ಹೊರಟಿದ್ದರು ಎಂಬುದಕ್ಕೆ ಆಧಾರ ಉಳಿಯುವುದಿಲ್ಲ.

ಇನ್ನು ಮೂರನೆಯದು. ತುರ್ತು ಎಂಬುದು ಇಡೀ ಕೆಲಸಕ್ಕೆ ಹಚ್ಚುವ ಬಣ್ಣವಲ್ಲ, ಅದಕ್ಕೆ ಒಂದು ಆರಂಭ ಇರುತ್ತದೆ, ಒಂದು ಕೊನೆ ಇರುತ್ತದೆ. ಈ ಮನೆಯಲ್ಲಿ ಡಮ್ಮಿ ಬಿದ್ದು ಅಡುಗೆಮನೆಗೂ ಇನ್ನೊಂದು ಬಾತ್‌ರೂಮಿಗೂ ನೀರು ಬಂದ ಗಳಿಗೆಯಲ್ಲಿ ತುರ್ತು ಮುಗಿಯಿತು. ಆ ಮೇಲಿನ 4,550 ರೂಪಾಯಿಯ ಕೆಲಸ ಬೇಕಾದದ್ದೇ, ಮಾಲೀಕರ ಪಾಲಿನದೇ, ಆದರೆ ಬುಧವಾರದವರೆಗೆ ಕಾಯಬಹುದಾದದ್ದು. ಮಾಲೀಕರು ಫೋನ್ ಮಾಡಿ ದಿನವನ್ನೂ ಹೇಳಿದ್ದರು. ಮೂರು ದಿನ ಎಂಬುದು ಎರಡನೆಯ ಬಾತ್‌ರೂಮ್ ಇರುವ ಮನೆಗೆ ಅಲಕ್ಷ್ಯವಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಬಾತ್‌ರೂಮ್ ಆಗಿದ್ದರೆ, ಅಥವಾ ಡಮ್ಮಿ ಹಾಕಲು ಆಗದೆ ಇಡೀ ಮನೆಗೆ ನೀರು ನಿಂತಿದ್ದರೆ, ಇದೇ ಮಾತನ್ನು ಹೇಳಲಾಗುತ್ತಿರಲಿಲ್ಲ. ಒಡೆದದ್ದು ಗೀಸರಿನಿಂದ ಹೊರಡುವ ಬಿಸಿನೀರಿನ ಲೈನಾಗಿದ್ದರೆ ತೀರ್ಮಾನ ಇನ್ನೊಂದು ಕಡೆಗೆ ವಾಲುತ್ತಿತ್ತು: ಗೀಸರ್ ಕೆಳಗಿನ ಆ್ಯಂಗಲ್ ಕಾಕ್ ಮುಚ್ಚಿದರೆ ಸಾಮಾನ್ಯವಾಗಿ ಸೋರಿಕೆ ನಿಲ್ಲುತ್ತದೆ, ಭಾನುವಾರದ ಪ್ಲಂಬರೇ ಬೇಕಾಗುವುದಿಲ್ಲ. ಹೀಗೆ ತುರ್ತಿನ ಉದ್ದವನ್ನು ಅಳೆಯುವುದು ಆ ಮನೆಯ ವಾಲ್ವುಗಳು ಎಲ್ಲಿವೆ, ಅವು ಮುಚ್ಚುತ್ತವೆಯೇ ಎಂಬುದರಿಂದ.

ಅಂದರೆ ಆ 4,550 ಬಾಡಿಗೆದಾರನ ಕೈಬಿಟ್ಟಿತೇ? ಇಲ್ಲ. ಇಲ್ಲಿ ಮುರಿದುಕೊಳ್ಳುವುದು ಬೇರೆ, ಕೇಳುವುದು ಬೇರೆ ಎಂಬುದನ್ನು ಗಮನಿಸಬೇಕು. ಎಫ್ ಉಪಖಂಡದ ಮುರಿದುಕೊಳ್ಳುವ ಹಕ್ಕಿಗೆ ಮಾಲೀಕನ ಅಲಕ್ಷ್ಯ ಬೇಕು. ಭಾನುವಾರ ಬೆಳಿಗ್ಗೆ ಅದು 900 ರೂಪಾಯಿಯ ಕೆಲಸಕ್ಕೆ ಹೇಗೋ ಹೊಂದೀತು, ಉಳಿದದ್ದಕ್ಕೆ ಹೊಂದುವುದಿಲ್ಲ. ಉಳಿದದ್ದನ್ನು ಕೇಳಲು ಇನ್ನೊಂದು ದಾರಿ 1872ರ ಕರಾರು ಅಧಿನಿಯಮದ 70ನೇ ಸೆಕ್ಷನ್. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಇನ್ನೊಬ್ಬರಿಗಾಗಿ ನ್ಯಾಯವಾದ ಕೆಲಸ ಮಾಡಿ, ಅದರ ಲಾಭವನ್ನು ಆ ಇನ್ನೊಬ್ಬರು ಅನುಭವಿಸಿದರೆ, ಅವರು ಪರಿಹಾರ ಕೊಡಬೇಕು. ಬಿ. ಕೆ. ಮಂಡಲ್ ಮತ್ತು ಪಶ್ಚಿಮ ಬಂಗಾಳ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರ ಡಿಸೆಂಬರ್‌ನಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿತು. ಕ್ರಮಬದ್ಧ ಕರಾರಿಲ್ಲದೆ ಕಟ್ಟಿಕೊಟ್ಟ ಕಟ್ಟಡಗಳನ್ನು ಸರ್ಕಾರ ಬಳಸಿಕೊಂಡಿದ್ದರಿಂದ ಗುತ್ತಿಗೆದಾರರಿಗೆ ಹಣ ಸಿಕ್ಕಿತು. ಆದರೆ ಅದೇ ತೀರ್ಪು ಒಂದು ಮಿತಿಯನ್ನೂ ಹಾಕಿದೆ: ಬೇಡ ಎನ್ನುವ ಅವಕಾಶವಿದ್ದೂ ಸ್ವೀಕರಿಸಿದವರ ಮೇಲೆ ಮಾತ್ರ ಈ ಹೊಣೆ, ಬೇಡವೆಂದವರ ಮೇಲೆ ಹೇರಿದ ಕೆಲಸಕ್ಕೆ ಅಲ್ಲ. ಬುಧವಾರ ತಾನೇ ಮಾಡಿಸುತ್ತೇನೆ ಎಂದ ಮಾಲೀಕರ ಗೋಡೆಯೊಳಗೆ ಭಾನುವಾರವೇ ಕೂರಿಸಿದ ಪೈಪನ್ನು ಅವರು ಹಿಂದಿರುಗಿಸುವುದು ಹೇಗೆ? ಬಾಡಿಗೆದಾರನ ವಾದ ಇಲ್ಲಿ ತೆಳುವಾಗುತ್ತದೆ ಎಂದು ಒಪ್ಪಲೇಬೇಕು.

ಹಾಗೆಂದು ಮಾಲೀಕರು ಪೂರ್ತಿ ಕೈತೊಳೆದುಕೊಳ್ಳಲಾಗದು. ಬುಧವಾರ ಅವರು ಹೇಗೂ ಖರ್ಚು ಮಾಡುವವರಿದ್ದರು. ಆ ಖರ್ಚು ಉಳಿಯಿತು. ಅವರ ಖಾಯಂ ಪ್ಲಂಬರ್ ಇದೇ ಕೆಲಸವನ್ನು 3,000ಕ್ಕೆ ಮಾಡುತ್ತಿದ್ದ ಎಂದಾದರೆ, ಅಷ್ಟನ್ನು ಕೊಡುವುದು ಅವರಿಗೆ ನಷ್ಟವಲ್ಲ. ಆ 3,000ದಲ್ಲಿ ಗಾರೆಯವನ ಕೂಲಿಯೂ ಹೊಸ ಸ್ಟಾಪ್‌ಕಾಕೂ ಸೇರಿವೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು, ಏಕೆಂದರೆ ಪೈಪಿನ ಕೂಲಿಯನ್ನಷ್ಟೇ ಹೇಳಿ ಪೂರ್ತಿ ಕೆಲಸಕ್ಕೆ ಹೋಲಿಸುವುದು ಇಂಥ ಮಾತುಕತೆಯಲ್ಲಿ ಪದೇಪದೇ ಆಗುವ ತಪ್ಪು. ಎಲ್ಲವೂ ಸೇರಿದ್ದರೆ 900 ಮತ್ತು 3,000, ಒಟ್ಟು 3,900 ಮಾಲೀಕರಿಗೆ. ನಲ್ಲಿಯ 750 ಮತ್ತು ಕಾಯದೆ ಮಾಡಿಸಿದ್ದಕ್ಕೆ ಹೆಚ್ಚಾದ 1,550 ಬಾಡಿಗೆದಾರನಿಗೆ. ಈ ಲೇಖಕರ ಮಟ್ಟಿಗೆ ಇದೇ ನ್ಯಾಯವಾದ ಹಂಚಿಕೆ. 6,200ರ ಬಿಲ್ಲಾಗಲಿ ಸೊನ್ನೆಯಾಗಲಿ ಅಲ್ಲ.

ಬಾಡಿಗೆ ಬಾಡಿಗೆಯೇ, ರಿಪೇರಿಯನ್ನು ಅದರಲ್ಲಿ ಬೆರೆಸಬಾರದು ಎಂಬ ಆಕ್ಷೇಪ ಇನ್ನೂ ಉಳಿದಿದೆ. ಆದಾಯ ತೆರಿಗೆಯ ಲೆಕ್ಕ ಇದನ್ನು ಒಪ್ಪುವುದಿಲ್ಲ. ಮನೆ ಬಾಡಿಗೆಯ ಆದಾಯದಲ್ಲಿ ಕಟ್ಟಡ ತೆರಿಗೆ ಕಳೆದ ಮೇಲೆ ಉಳಿದದ್ದರ ಶೇಕಡ 30ರಷ್ಟನ್ನು ಮಾಲೀಕರು ರಶೀದಿ ತೋರಿಸದೆಯೇ ಕಳೆದುಕೊಳ್ಳಬಹುದು. ರಿಪೇರಿ ಖರ್ಚಿಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ, ಅದು ಈ ಮೂವತ್ತರೊಳಗೇ ಬಂತು. ವರ್ಷವಿಡೀ ರಿಪೇರಿಯೇ ಆಗದಿದ್ದರೂ ಸಿಗುವ ಈ ರಿಯಾಯಿತಿ, ಬಾಡಿಗೆಯ ಒಂದು ಪಾಲು ಮನೆಯ ಪಾಲನೆಗೆ ಎಂದುಕೊಂಡೇ ನಿಂತಿದೆ.

ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲ, ಆದ್ದರಿಂದ ಅದು ಸುಳ್ಳು ಬಿಲ್ ಎಂಬ ತಕರಾರೂ ಬರುತ್ತದೆ. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ರೂಪಾಯಿಯ ವಹಿವಾಟು ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ; ಒಂಟಿಯಾಗಿ ದುಡಿಯುವ ಪ್ಲಂಬರನ ಬಳಿ ಕೈಬರಹದ ಚೀಟಿಯೇ ಇರುವುದು ಸಹಜ. ಅದರ ಮೇಲೆ ದಿನಾಂಕ, ಕೆಲಸದ ವಿವರ, ಕೂಲಿ ಮತ್ತು ಸಾಮಾನಿನ ಲೆಕ್ಕ ಬೇರೆಬೇರೆಯಾಗಿ, ಅವನ ಫೋನ್ ನಂಬರ್ ಇದ್ದು, ಅಷ್ಟೇ ಮೊತ್ತ ಯುಪಿಐನಲ್ಲಿ ಹೋಗಿದ್ದರೆ ಸಾಕು. ಸಾಮಾನಿಗೆ ಹಾರ್ಡ್‌ವೇರ್ ಅಂಗಡಿಯ ಬಿಲ್ ಪ್ರತ್ಯೇಕ ಸಿಗುತ್ತದೆ, ಅದನ್ನು ಪ್ಲಂಬರನ ಬಳಿ ಬಿಡದೆ ಇಸಿದುಕೊಳ್ಳಬೇಕು.

ಜಗಳ ಬೇಡ, ಮನೆ ಬಿಡುವಾಗ ಅಡ್ವಾನ್ಸ್ ಲೆಕ್ಕದಲ್ಲಿ ನೋಡಿಕೊಂಡರಾಯಿತು ಎಂದು ಸುಮ್ಮನಾಗುವವರೂ ಇದ್ದಾರೆ. ಇದು ಬಾಡಿಗೆದಾರರು ಮಾಡಿಕೊಳ್ಳುವ ಅತಿ ದೊಡ್ಡ ನಷ್ಟ. ಇನ್ನೊಬ್ಬರ ಪರವಾಗಿ ಕೊಟ್ಟ ಹಣ ವಸೂಲು ಮಾಡಲು ಕಾಲಮಿತಿ ಅಧಿನಿಯಮ ಕೊಟ್ಟ ಅವಧಿ ಮೂರು ವರ್ಷ, ಅದು ಹಣ ಕೊಟ್ಟ ದಿನದಿಂದಲೇ ಶುರು. ಹನ್ನೊಂದು ತಿಂಗಳ ಕರಾರನ್ನು ನಾಲ್ಕು ಸಲ ನವೀಕರಿಸಿ ಮನೆ ಬಿಡುವ ಹೊತ್ತಿಗೆ ಮೊದಲ ವರ್ಷದ ಖರ್ಚು ಕಾಲಮಿತಿ ದಾಟಿರುತ್ತದೆ. ಅಷ್ಟರಲ್ಲಿ ಪ್ಲಂಬರನ ನಂಬರ್ ಬದಲಾಗಿರುತ್ತದೆ, ಹಳೆಯ ತುಂಡು ಕಸಕ್ಕೆ ಹೋಗಿರುತ್ತದೆ, ಹೊಂದದ ಬಣ್ಣದ ನಾಲ್ಕು ಟೈಲ್ಸ್ ಮಾತ್ರ ಗೋಡೆಯಲ್ಲಿ ಉಳಿದು ಬಾಡಿಗೆದಾರ ಮಾಡಿದ ಹಾನಿಯ ಪಟ್ಟಿಗೆ ಸೇರಿಕೊಳ್ಳುತ್ತವೆ.

ಆದ್ದರಿಂದ ಅದೇ ವಾರ, ಮುರಿದುಕೊಳ್ಳುವ ಮೊದಲು, ಕೇಳುವ ಮಾತು ಹೋಗಬೇಕು. ಅದು ಹೀಗಿದ್ದರೆ ಸಾಕು: "ಸರ್, ನಮಸ್ಕಾರ. ಭಾನುವಾರ ಬಾತ್‌ರೂಮಿನ ಗೋಡೆಯೊಳಗಿನ ಪೈಪು ಎಲ್ಬೋದಲ್ಲಿ ಬಿಟ್ಟು ಕೆಳಗಿನ ಮನೆಗೆ ನೀರು ಇಳಿಯುತ್ತಿತ್ತು. ಆರು ಗಂಟೆಗೆ ನಿಮಗೆ ಫೋನ್ ಮಾಡಿ ವಿಡಿಯೋ ಕಳಿಸಿದ್ದೆ. ನೀರು ನಿಲ್ಲಿಸಿದ್ದಕ್ಕೆ 900 ಆಗಿದೆ. ಪೈಪು, ಸ್ಟಾಪ್‌ಕಾಕ್, ಟೈಲ್ಸ್ ಸೇರಿ 4,550 ಆಗಿದೆ. ಇದನ್ನು ನೀವು ಹೇಳಿದ ಬುಧವಾರಕ್ಕೆ ಕಾಯದೆ ಮಾಡಿಸಿದ್ದೇನೆ, ನಿಮ್ಮ ಪ್ಲಂಬರ್ ದರ ಕಡಿಮೆ ಇದ್ದರೆ ತಿಳಿಸಿ. ಅಡುಗೆಮನೆ ನಲ್ಲಿಯ ಖರ್ಚು ನನ್ನದು, ಇದರಲ್ಲಿ ಸೇರಿಸಿಲ್ಲ. ಬಿಲ್ಲು, ಫೋಟೋ ಜೊತೆಗಿವೆ. ಹಳೆಯ ಎಲ್ಬೋ ನನ್ನ ಹತ್ತಿರ ಇದೆ. ಒಪ್ಪಿದ ಮೊತ್ತವನ್ನು ಮುಂದಿನ ಬಾಡಿಗೆಯಲ್ಲಿ ಹೊಂದಿಸಿಕೊಳ್ಳಬಹುದೇ ಎಂದು ಬರೆದು ತಿಳಿಸಿ."

ಮಾಲೀಕರು 3,900ಕ್ಕೆ ಒಪ್ಪಿದರು ಎಂದುಕೊಂಡರೆ ಮುಂದಿನ ತಿಂಗಳು ಖಾತೆಗೆ ಹೋಗುವುದು 18,100. ಆದರೆ ರಶೀದಿಯಲ್ಲಿ 18,100 ಎಂದು ಬರೆಯಬಾರದು. ಬಾಡಿಗೆ 22,000, ಅದರಲ್ಲಿ 18,100 ಬ್ಯಾಂಕಿನ ಮೂಲಕ, 3,900 ಪೈಪು ದುರಸ್ತಿಗೆ ಹೊಂದಾಣಿಕೆ, ಬಾಕಿ ಇಲ್ಲ ಎಂದು ಬರೆಸಿಕೊಳ್ಳಬೇಕು. ಬಾಕಿ ಇಲ್ಲ ಎಂಬ ಆ ಮಾತು ಬಿಟ್ಟುಹೋದರೆ, ಮುಂದೆ ಮನೆ ಬಿಡಿಸುವ ಮಾತು ಬಂದಾಗ ಅದೇ 3,900 ಬಾಡಿಗೆ ಬಾಕಿಯಾಗಿ ಕಾಣಿಸಿಕೊಳ್ಳುತ್ತದೆ.